ನೂರು ವರ್ಷದ ಬಡ್ಡಿ, ಎರಡು ಊರಿನ ಲೆಕ್ಕ

(ಪದವಿ ಕಾಲೇಜೊಂದರ ಹೂಡಿಕೆ ಕ್ಲಬ್‌ನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹೇಳಿದ ಮಾತುಗಳ ಬರಹರೂಪ)

ಚಕ್ರಬಡ್ಡಿಯ ಲೆಕ್ಕವನ್ನು ನೀವೆಲ್ಲ ಹೈಸ್ಕೂಲಿನಲ್ಲೇ ಮಾಡಿದ್ದೀರಿ. ಅಸಲು ಇಷ್ಟು, ದರ ಇಷ್ಟು, ಅವಧಿ ಇಷ್ಟು, ಮೊತ್ತ ಎಷ್ಟು? ಕೊಟ್ಟ ಮೂರು ಅಂಕಿಯನ್ನು ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತಿತ್ತು, ಅಂಕವೂ ಬರುತ್ತಿತ್ತು. ಆ ಲೆಕ್ಕದಲ್ಲಿ ಸಾಲಗಾರ ಯಾವತ್ತೂ ಕೈಕೊಡುತ್ತಿರಲಿಲ್ಲ. ಬ್ಯಾಂಕು ತೆರಿಗೆ ಹಿಡಿಯುತ್ತಿರಲಿಲ್ಲ. ಬಡ್ಡಿ ಬಂದ ದಿನವೇ ಅದೇ ದರಕ್ಕೆ ಮತ್ತೆ ಸಾಲವಾಗಿ ಹೋಗುತ್ತಿತ್ತು. ಹೊರಗಿನ ಪ್ರಪಂಚದಲ್ಲಿ ಹೀಗೆ ನಡೆಯುತ್ತದೆಯೇ? ಇದನ್ನು ನೋಡಲು 200 ವರ್ಷ ನಡೆದ ಒಂದು ಪ್ರಯೋಗವೇ ನಮ್ಮ ಮುಂದಿದೆ.

ಬೆಂಜಮಿನ್ ಫ್ರಾಂಕ್ಲಿನ್ ಹೆಸರು ಕೇಳಿರುತ್ತೀರಿ. ಮಿಂಚಿನ ಪ್ರಯೋಗ ಮಾಡಿದಾತ, ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ, ಕಸುಬಿನಿಂದ ಮುದ್ರಕ. ಆತ ತೀರಿಕೊಂಡದ್ದು 1790ರಲ್ಲಿ. ಅದಕ್ಕೆ ಹಿಂದಿನ ವರ್ಷ ತನ್ನ ಉಯಿಲಿಗೆ ಒಂದು ಪುರವಣಿ ಸೇರಿಸಿದ. ಹುಟ್ಟೂರು ಬಾಸ್ಟನ್ನಿಗೆ 1,000 ಪೌಂಡ್, ಬದುಕು ಕಟ್ಟಿಕೊಂಡ ಫಿಲಡೆಲ್ಫಿಯಾಕ್ಕೆ 1,000 ಪೌಂಡ್. ಎರಡು ಊರೂ ಈ ಹಣವನ್ನು ಖರ್ಚು ಮಾಡುವಂತಿಲ್ಲ, ಬಡ್ಡಿಗೆ ಬಿಡಬೇಕು. 100 ವರ್ಷವಾದ ಮೇಲೆ ಬಹುಪಾಲನ್ನು ಊರಿನ ಕೆಲಸಕ್ಕೆ ಬಳಸಿ, ಉಳಿದದ್ದನ್ನು ಇನ್ನೂ 100 ವರ್ಷ ಬೆಳೆಯಲು ಬಿಡಬೇಕು.

ಈ ಯೋಚನೆಯ ಹಿಂದೆ ಒಂದು ತಮಾಷೆಯಿದೆ. ಫ್ರಾನ್ಸಿನ ಗಣಿತಜ್ಞ ಮಾಥೊಂ ದ ಲಾ ಕೂರ್ ಎಂಬಾತ ಫ್ರಾಂಕ್ಲಿನ್ನನ ಮಿತವ್ಯಯದ ಉಪದೇಶಗಳನ್ನು ಗೇಲಿ ಮಾಡಿ ಒಂದು ಕಟ್ಟುಕತೆ ಬರೆದಿದ್ದ. ಅದರಲ್ಲಿ ಒಬ್ಬಾತ ಚಿಲ್ಲರೆ ಹಣವನ್ನು ಶತಮಾನಗಟ್ಟಲೆ ಬಡ್ಡಿಗೆ ಇಟ್ಟು ಸಾಯುತ್ತಾನೆ. ಗೇಲಿಗೆ ಒಳಗಾದವನು ಸಿಟ್ಟಾಗಲಿಲ್ಲ. ಒಳ್ಳೆಯ ಉಪಾಯ ಹೇಳಿದಿರಿ ಎಂದು ಅವನಿಗೆ ಕಾಗದ ಬರೆದು, ಅದನ್ನೇ ಮಾಡಿ ತೋರಿಸಲು ಹೊರಟ.

ಆತನ ಏರ್ಪಾಡು ಹೀಗಿತ್ತು. ಯಾರ ಬಳಿಯಾದರೂ ಕಸುಬು ಕಲಿತು ಮುಗಿಸಿದ, ಮದುವೆಯಾದ, 25 ವರ್ಷದೊಳಗಿನ ಹುಡುಗರಿಗೆ ಸ್ವಂತ ಅಂಗಡಿ ಹಾಕಿಕೊಳ್ಳಲು ಸಾಲ ಕೊಡಬೇಕು. ಒಬ್ಬನಿಗೆ 15ರಿಂದ 60 ಪೌಂಡ್. ಊರಿನ ಇಬ್ಬರು ಮರ್ಯಾದಸ್ಥರು ಜಾಮೀನು ನಿಲ್ಲಬೇಕು. ಬಡ್ಡಿ ವರ್ಷಕ್ಕೆ ನೂರಕ್ಕೆ 5. ಜೊತೆಗೆ ಅಸಲಿನ ಹತ್ತನೇ ಒಂದು ಭಾಗವನ್ನು ಪ್ರತಿವರ್ಷ ಕಟ್ಟಬೇಕು. ಹಾಗೆ ಬಂದ ಅಸಲನ್ನೂ ಬಡ್ಡಿಯನ್ನೂ ಸೇರಿಸಿ ಮುಂದಿನ ಹುಡುಗನಿಗೆ ಕೊಡಬೇಕು.

ನೂರು ವರ್ಷಕ್ಕೆ 1,31,000 ಪೌಂಡ್ ಆಗುತ್ತದೆ ಎಂದು ಆತ ಬರೆದಿಟ್ಟ. ನಿಮ್ಮ ಫೋನಿನ ಕ್ಯಾಲ್ಕುಲೇಟರಿನಲ್ಲಿ 1.05 ಅನ್ನು ನೂರು ಸಲ ಗುಣಿಸಿ ನೋಡಿ, 131.5 ಬರುತ್ತದೆ. ಅದರಲ್ಲಿ 1,00,000 ಪೌಂಡ್ ಊರಿನ ಕೆಲಸಕ್ಕೆ ಹೋದರೆ ಉಳಿಯುವುದು 31,000. ಅದು ಮತ್ತೊಂದು ನೂರು ವರ್ಷಕ್ಕೆ 40,61,000 ಪೌಂಡ್ ಆಗುತ್ತದೆಂದು ಬರೆದ. 31,000ವನ್ನು 131ರಿಂದ ಗುಣಿಸಿದರೆ ಬರುವುದು ಸರಿಯಾಗಿ ಅಷ್ಟೇ. ಅರ್ಧವನ್ನು ಮುದುಕ ಲೆಕ್ಕಕ್ಕೆ ಹಿಡಿಯಲಿಲ್ಲ.

ಈಗ ಈ ಲೆಕ್ಕದ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇದೇ 1,000 ಪೌಂಡನ್ನು ಸರಳ ಬಡ್ಡಿಗೆ ಕೊಟ್ಟಿದ್ದರೆ ವರ್ಷಕ್ಕೆ 50 ಪೌಂಡಿನಂತೆ ನೂರು ವರ್ಷಕ್ಕೆ 5,000 ಬಡ್ಡಿ, ಅಸಲು ಸೇರಿ 6,000. ಚಕ್ರಬಡ್ಡಿಯಲ್ಲೂ ಮೊದಲ ವರ್ಷ ಬರುವುದು ಅದೇ 50. ಎರಡನೇ ವರ್ಷ 52.50. ಎರಡೂವರೆ ಪೌಂಡಿನ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. 25 ವರ್ಷವಾದಾಗ ಗಂಟು 3,386 ಪೌಂಡ್. 50 ವರ್ಷವಾದಾಗ 11,467. ಅರ್ಧ ದಾರಿ ನಡೆದಾಗಿದೆ, ಆದರೆ ಗುರಿಯ ಹತ್ತನೇ ಒಂದು ಭಾಗವೂ ಸೇರಿಲ್ಲ. 75ನೇ ವರ್ಷಕ್ಕೆ ಸುಮಾರು 38,800. ಉಳಿದ 92 ಸಾವಿರಕ್ಕೂ ಹೆಚ್ಚು ಪೌಂಡ್ ಸೇರುವುದು ಕೊನೆಯ 25 ವರ್ಷಗಳಲ್ಲಿ. ನೂರನೇ ವರ್ಷ ಒಂದರಲ್ಲೇ ಬರುವ ಬಡ್ಡಿ 6,262 ಪೌಂಡ್. ಸರಳ ಬಡ್ಡಿ ನೂರು ವರ್ಷ ದುಡಿದು ತಂದದ್ದಕ್ಕಿಂತ ಇದೊಂದೇ ವರ್ಷದ್ದು ಹೆಚ್ಚು.

ಹನಿಹನಿಗೂಡಿ ಹಳ್ಳ ಎಂದು ನಮ್ಮಲ್ಲಿ ಉಳಿತಾಯದ ಭಾಷಣಗಳೆಲ್ಲ ಶುರುವಾಗುತ್ತವೆ. ಅದು ಕೂಡುವ ಲೆಕ್ಕ. ಇದು ಗುಣಿಸುವ ಲೆಕ್ಕ. ಕೂಡುವಾಗ ಒಂದು ವರ್ಷ ತಪ್ಪಿದರೆ ಒಂದು ವರ್ಷದ ಹನಿ ಹೋಗುತ್ತದೆ, ಅಷ್ಟೇ. ಗುಣಿಸುವಾಗ ಮೊದಲ ವರ್ಷಗಳು ತಪ್ಪಿದರೆ ಕೈಬಿಡುವುದು ಕೊನೆಯ ವರ್ಷಗಳ ದೊಡ್ಡ ಬೆಳೆ.

ಇನ್ನು ನಿಜವಾಗಿ ನಡೆದದ್ದೇನು? ನೂರು ವರ್ಷದ ಗಡುವು ಮುಗಿದಾಗ ಬಾಸ್ಟನ್ನಿನ ಬಳಿ ಇದ್ದದ್ದು ಸುಮಾರು 3,91,000 ಡಾಲರ್. ಫಿಲಡೆಲ್ಫಿಯಾದ ಬಳಿ ಸುಮಾರು 90,000. ಆರಂಭದ ಹೊತ್ತಿಗೆ ಒಂದು ಪೌಂಡಿಗೆ 4.44 ಡಾಲರಿನಂತೆ ಹಿಡಿದರೆ ಎರಡು ಊರೂ ಹೊರಟದ್ದು ಸುಮಾರು 4,440 ಡಾಲರಿನಿಂದ. ಅಂದರೆ ಬಾಸ್ಟನ್ನಿನ ಹಣ 88 ಪಟ್ಟಾಯಿತು, ಫಿಲಡೆಲ್ಫಿಯಾದ್ದು 20 ಪಟ್ಟು. ಫ್ರಾಂಕ್ಲಿನ್ ಲೆಕ್ಕ ಹಾಕಿದ್ದು 131 ಪಟ್ಟು.

ಇದನ್ನು ವಾರ್ಷಿಕ ದರಕ್ಕೆ ತಿರುಗಿಸಿ ನೋಡಿದಾಗ ನನಗೆ ಆಶ್ಚರ್ಯವಾಯಿತು. ಬಾಸ್ಟನ್ ಗಳಿಸಿದ್ದು ವರ್ಷಕ್ಕೆ ಶೇ 4.6ರಷ್ಟು, ಫಿಲಡೆಲ್ಫಿಯಾ ಶೇ 3ರಷ್ಟು. ಐದಕ್ಕೂ ನಾಲ್ಕೂವರೆ ಚಿಲ್ಲರೆಗೂ ಏನು ಮಹಾ ವ್ಯತ್ಯಾಸ ಎನ್ನುತ್ತೇವೆ. ನೂರು ವರ್ಷ ಎಳೆದರೆ ಆ ಅರ್ಧಕ್ಕಿಂತ ಕಡಿಮೆ ಶೇಕಡಾ, ಬರಬೇಕಾದದ್ದರ ಮೂರನೇ ಒಂದು ಭಾಗವನ್ನು ನುಂಗಿಹಾಕಿತು. ಶೇ 2 ಸೋರಿದ ಊರಿಗೆ ದಕ್ಕಿದ್ದು ಆರರಲ್ಲಿ ಒಂದು ಪಾಲು.

ಸೋರಿದ್ದು ಎಲ್ಲಿ? ಕೆಲವರು ಸಾಲ ತೀರಿಸಲಿಲ್ಲ, ಜಾಮೀನುದಾರರ ಬೆನ್ನು ಹತ್ತುವ ಕೆಲಸ ಸಡಿಲಾಯಿತು. ಅದಕ್ಕಿಂತ ದೊಡ್ಡ ಕಾರಣ ಕಾಲ ಬದಲಾದದ್ದು. ಕಾರ್ಖಾನೆಗಳು ಬಂದವು. ಯಜಮಾನನ ಬಳಿ ವರ್ಷಗಟ್ಟಲೆ ಕಸುಬು ಕಲಿತು, ಮದುವೆಯಾಗಿ, 25ರೊಳಗೆ ಸ್ವಂತ ಅಂಗಡಿ ಹಾಕುವ ಹುಡುಗರೇ ಕಡಿಮೆಯಾದರು. ಸಾಲ ಕೇಳುವವರಿಲ್ಲದಿದ್ದರೆ ಬಡ್ಡಿಗೆ ಬಡ್ಡಿ ಎಲ್ಲಿಂದ ಬರಬೇಕು? ಬಾಸ್ಟನ್ನಿನವರು ಸುಮ್ಮನೆ ಕೂರದೆ, ಸಾಲವಾಗಿ ಹೋಗದ ಹಣವನ್ನು ಬಡ್ಡಿ ಬರುವ ಬೇರೆ ಕಡೆ ತೊಡಗಿಸಿದರು. ಎರಡು ಊರಿನ ಫಲಿತಾಂಶ ಬೇರೆಯಾದದ್ದು ಬಹುಮಟ್ಟಿಗೆ ಇಲ್ಲಿ. ಅಡ್ಡಿಯಿಲ್ಲದೆ ನಡೆದರೆ ಮಾತ್ರ ತನ್ನ ಲೆಕ್ಕ ಸರಿಹೋಗುತ್ತದೆಂದು ಫ್ರಾಂಕ್ಲಿನ್ ಕೂಡ ಷರತ್ತು ಹಾಕಿಯೇ ಬರೆದಿದ್ದ. 1990ರ ಹೊತ್ತಿಗೆ ಎರಡನೇ ಶತಮಾನವೂ ಮುಗಿದಾಗ ಬಾಸ್ಟನ್ ನಿಧಿ 45-50 ಲಕ್ಷ ಡಾಲರಿನ ಆಸುಪಾಸಿನಲ್ಲಿತ್ತು, ಫಿಲಡೆಲ್ಫಿಯಾದ್ದು 20 ಲಕ್ಷದ ಆಸುಪಾಸಿನಲ್ಲಿ. ಮೊದಲ ಶತಮಾನದ ಹಣದಲ್ಲಿ ಬಾಸ್ಟನ್ ಕಟ್ಟಿಸಿದ ತಾಂತ್ರಿಕ ಶಾಲೆ 1908ರಲ್ಲಿ ಬಾಗಿಲು ತೆರೆಯಿತು.

ಈಗ ನಮ್ಮೂರಿನ ಬ್ಯಾಂಕಿಗೆ ಬರೋಣ. ಒಂದು ಲಕ್ಷ ರೂಪಾಯಿಯನ್ನು ಶೇ 7ರ ದರದಲ್ಲಿ ಹತ್ತು ವರ್ಷಕ್ಕೆ ಎಫ್‌ಡಿ ಮಾಡಿಸುತ್ತೀರಿ ಎಂದುಕೊಳ್ಳಿ. ಅರ್ಜಿಯಲ್ಲಿ ಒಂದು ಚಿಕ್ಕ ಚೌಕ ಇರುತ್ತದೆ. ಬಡ್ಡಿಯನ್ನು ತಿಂಗಳಿಗೋ ಮೂರು ತಿಂಗಳಿಗೋ ಖಾತೆಗೆ ಹಾಕಬೇಕೇ, ಅಥವಾ ಕ್ಯುಮುಲೇಟಿವ್ ಆಗಿ ಅಲ್ಲೇ ಬಿಡಬೇಕೇ? ಮೊದಲನೆಯದಕ್ಕೆ ಟಿಕ್ ಹಾಕಿದರೆ ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ 70,000 ಬಡ್ಡಿ ಕೈಗೆ ಬಂದು ಖರ್ಚಾಗಿರುತ್ತದೆ, ಕೊನೆಗೆ ಅದೇ ಒಂದು ಲಕ್ಷ ವಾಪಸು. ಎರಡನೆಯದಕ್ಕೆ ಹಾಕಿದರೆ ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತದೆ. ಎಕ್ಸೆಲ್‌ನಲ್ಲಿ ಹೀಗೆ ಟೈಪ್ ಮಾಡಿ:

```
=100000*(1+0.07/4)^(4*10)
```

2,00,160 ಬರುತ್ತದೆ. ಹಣ ದುಪ್ಪಟ್ಟು. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಪ್ಪಟ್ಟಾಗಲು ಬೇಕಾದ ವರ್ಷ ಸಿಗುತ್ತದೆ ಎಂದು ಕೇಳಿದ್ದೀರಲ್ಲ, ಏಳಕ್ಕೆ ಅದು ಹತ್ತು ಚಿಲ್ಲರೆ. ಮ್ಯೂಚುವಲ್ ಫಂಡಿನಲ್ಲಿ ಗ್ರೋಥ್ ಎಂಬ ಆಯ್ಕೆ ಇರುವುದೂ ಇದೇ ಕಾರಣಕ್ಕೆ. ಲಾಭವನ್ನು ಹಂಚದೆ ಒಳಗೇ ಉಳಿಸುವುದು. ಮನೆ ನಡೆಸಲು ಬಡ್ಡಿಯೇ ಆಧಾರವಾದ ನಿವೃತ್ತರಿಗೆ ಮೊದಲ ಚೌಕವೇ ಸರಿ. ಹದಿನೆಂಟು ವರ್ಷದವರಿಗೆ ಅದರ ಅಗತ್ಯ ಅಪರೂಪ.

ಆದರೆ ಇಲ್ಲೂ ಒಂದು ಸೋರಿಕೆ ಇದೆ. ಎಫ್‌ಡಿ ಬಡ್ಡಿ ಕೈಗೆ ಬರದಿದ್ದರೂ ಅದು ಆಯಾ ವರ್ಷದ ಆದಾಯವೇ. ನಿಗದಿತ ಮಿತಿ ದಾಟಿದರೆ ಬ್ಯಾಂಕು ಟಿಡಿಎಸ್ ಹಿಡಿಯುತ್ತದೆ. ಶೇ 30ರ ತೆರಿಗೆ ಹಂತದಲ್ಲಿರುವ ನಿಮ್ಮ ಅಪ್ಪನಿಗೋ ಅಮ್ಮನಿಗೋ, ಸೆಸ್ ಸೇರಿದರೆ ಶೇ 7 ಎಂಬುದು ಶೇ 4.8ಕ್ಕೆ ಇಳಿಯುತ್ತದೆ. ಆಗ ದುಪ್ಪಟ್ಟಾಗಲು ಹತ್ತಲ್ಲ, ಸುಮಾರು ಹದಿನೈದು ವರ್ಷ ಬೇಕು.

ಇನ್ನೊಂದು ಸೋರಿಕೆಯನ್ನು ಹಿಡಿಯುವುದು ಇನ್ನೂ ಕಷ್ಟ. ಮ್ಯೂಚುವಲ್ ಫಂಡಿನಲ್ಲಿ ಒಂದು ಲಕ್ಷ ಹಾಕಿ 40 ವರ್ಷ ಮುಟ್ಟದೆ ಇಟ್ಟಿರಿ. ಲೆಕ್ಕಕ್ಕಾಗಿ ವರ್ಷಕ್ಕೆ ಶೇ 12 ಬಂತು ಎಂದಿಟ್ಟುಕೊಳ್ಳೋಣ. ಷೇರುಪೇಟೆ ಯಾರಿಗೂ ಹಾಗೆ ಮಾತು ಕೊಟ್ಟಿಲ್ಲ, ಕೊಟ್ಟಿದ್ದೇನೆ ಎನ್ನುವವರ ಮಾತು ಕೇಳಬೇಡಿ. 40 ವರ್ಷಕ್ಕೆ 93 ಲಕ್ಷ ಆಗುತ್ತದೆ. ಅದೇ ಫಂಡನ್ನು ಏಜೆಂಟರ ಮೂಲಕ ಕೊಂಡು, ಕಮಿಷನ್ ಸೇರಿದ ವೆಚ್ಚ ವರ್ಷಕ್ಕೆ ಶೇ 1 ಹೆಚ್ಚಾಯಿತು ಎಂದುಕೊಳ್ಳಿ. ದರ 11ಕ್ಕೆ ಇಳಿದರೆ ಕೊನೆಯ ಮೊತ್ತ 65 ಲಕ್ಷ. ಶೇ 1 ಎಂದು ಬರೆದ ವೆಚ್ಚ 28 ಲಕ್ಷ ತಿಂದಿತು. ಇದಕ್ಕೆ ಬಿಲ್ ಬರುವುದಿಲ್ಲ, ಎಸ್‌ಎಂಎಸ್ ಬರುವುದಿಲ್ಲ. ವೆಚ್ಚವನ್ನು ದಿನದಿನವೂ ಕಳೆದ ಮೇಲೆಯೇ ಯೂನಿಟ್ಟಿನ ಬೆಲೆ, ಅಂದರೆ ಎನ್‌ಎವಿ, ಪ್ರಕಟವಾಗುತ್ತದೆ. 2013ರ ಜನವರಿಯಿಂದ ಪ್ರತಿ ಫಂಡಿಗೂ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಇದೆ. ಹೆಸರಿನಲ್ಲಿ ಡೈರೆಕ್ಟ್ ಇದೆಯೋ ರೆಗ್ಯುಲರ್ ಇದೆಯೋ ನೋಡಿ, ಎರಡರ ಎಕ್ಸ್‌ಪೆನ್ಸ್ ರೇಷಿಯೊ ಪಕ್ಕಪಕ್ಕ ಇಟ್ಟು ಹೋಲಿಸಿ. ಒಳ್ಳೆಯ ಸಲಹೆಗಾರನಿಗೆ ಹಣ ಕೊಡುವುದು ತಪ್ಪಲ್ಲ. ಎಷ್ಟು ಕೊಡುತ್ತಿದ್ದೇವೆ ಎಂಬುದು ಗೊತ್ತಿಲ್ಲದೆ ಕೊಡುವುದು ಬೇರೆ ಮಾತು.

93 ಲಕ್ಷ ಎಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಸಿಳ್ಳೆ ಹಾಕಿದರು. 40 ವರ್ಷದ ನಂತರದ 93 ಲಕ್ಷ ಅದು. ಬೆಲೆಗಳೂ ಚಕ್ರಬಡ್ಡಿಯಲ್ಲೇ ಏರುತ್ತವೆ. ವರ್ಷಕ್ಕೆ ಶೇ 6ರಂತೆ ಏರಿದರೆ ಇಂದು ಒಂದು ರೂಪಾಯಿಗೆ ಸಿಗುವುದಕ್ಕೆ ಆಗ ಹತ್ತು ರೂಪಾಯಿ ಮೂವತ್ತು ಪೈಸೆ ಬೇಕು. ನಿಮ್ಮ 93 ಲಕ್ಷಕ್ಕೆ ಇಂದಿನ 9 ಲಕ್ಷದ ಸಾಮಾನು ಬರುತ್ತದೆ. ಒಂದು ಲಕ್ಷ ಒಂಬತ್ತು ಲಕ್ಷವಾಗುವುದು ಕಡಿಮೆಯೇನಲ್ಲ. ಆದರೆ ಕೋಟಿಯ ಕನಸು ತೋರಿಸುವ ಜಾಹೀರಾತುಗಳಲ್ಲಿ ಈ ಸಾಲು ಸಾಮಾನ್ಯವಾಗಿ ಕಾಣುವುದಿಲ್ಲ.

ಷೇರಿನ ವಿಷಯ ಬಂದದ್ದಕ್ಕೆ ಇನ್ನೊಂದು ಮಾತು. ನಿಮ್ಮ ಹಣ ಒಂದು ವರ್ಷ ಶೇ 50 ಏರಿತು, ಮರುವರ್ಷ ಶೇ 30 ಇಳಿಯಿತು. ಸರಾಸರಿ ಎಷ್ಟು? 50ರಿಂದ 30 ಕಳೆದು ಎರಡರಿಂದ ಭಾಗಿಸಿದರೆ ಶೇ 10. ನಿಜವಾಗಿ ಆದದ್ದೇನು ನೋಡಿ. ಒಂದು ಲಕ್ಷ ಮೊದಲು 1,50,000 ಆಯಿತು, ಆಮೇಲೆ ಆ ದೊಡ್ಡ ಮೊತ್ತದ ಮೇಲೆ ಶೇ 30 ಹೋಗಿ 1,05,000ಕ್ಕೆ ಬಂತು. ನಿಜವಾಗಿ ಶೇ 10ರಂತೆ ಬೆಳೆದಿದ್ದರೆ 1,21,000 ಇರಬೇಕಿತ್ತು. ನಿಮಗೆ ಸಿಕ್ಕಿದ್ದು ವರ್ಷಕ್ಕೆ ಶೇ 2.5 ಮಾತ್ರ. ಏರಿಳಿತ ಹೆಚ್ಚಾದಷ್ಟೂ ಸರಾಸರಿಗೂ ಕೈಗೆ ಸಿಗುವುದಕ್ಕೂ ಅಂತರ ಹೆಚ್ಚುತ್ತದೆ. ಅರ್ಧ ಕಳೆದುಕೊಂಡವನು ಮೊದಲಿನ ಜಾಗಕ್ಕೆ ಬರಲು ಉಳಿದದ್ದು ದುಪ್ಪಟ್ಟಾಗಬೇಕು. ಹಾಗಾಗಿ ಯಾರಾದರೂ ಸರಾಸರಿ ಇಷ್ಟು ರಿಟರ್ನ್ ಎಂದರೆ, ಅದು ಸಿಎಜಿಆರ್ ಹೌದೋ ಅಲ್ಲವೋ ಎಂದು ಕೇಳಿ. ಆದಿಯ ಮೊತ್ತ, ಅಂತ್ಯದ ಮೊತ್ತ, ನಡುವಿನ ವರ್ಷ, ಈ ಮೂರನ್ನು ಮಾತ್ರ ನೋಡುವ ದರ ಅದು. ಅದರ ಮುಂದೆ ಸರಾಸರಿಯ ಆಟ ನಡೆಯುವುದಿಲ್ಲ.

ಚಕ್ರಬಡ್ಡಿ ಯಾರ ಪರ ಎಂದು ಕೇಳಿದರೆ, ಸಾಲ ಕೊಟ್ಟವನ ಪರ. ಹಳ್ಳಿಯಿಂದ ಬಂದವರಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಏನೆಂದು ಗೊತ್ತು. ನೂರಕ್ಕೆ, ತಿಂಗಳಿಗೆ, ಮೂರು. ಅಂಥ ಸಾಲ ಎಂದರೆ ಮನೆಯ ಹಿರಿಯರು ಹೆದರುತ್ತಾರೆ. ಪೇಟೆಯ ಕ್ರೆಡಿಟ್ ಕಾರ್ಡುಗಳಲ್ಲಿ ತಿಂಗಳಿಗೆ ಶೇ 3.5 ಎಂಬ ದರ ಸಾಮಾನ್ಯ, ಅಂದರೆ ಮೂರೂವರೆ ರೂಪಾಯಿ ಬಡ್ಡಿ. ಕೈಗೆ ಮಿರುಗುವ ಕಾರ್ಡು ಬಂದ ಮಾತ್ರಕ್ಕೆ ನಾವು ಹೆದರುವುದಿಲ್ಲ. 1.035ನ್ನು ಹನ್ನೆರಡು ಸಲ ಗುಣಿಸಿದರೆ 1.51, ವರ್ಷಕ್ಕೆ ಶೇ 51. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ.

20,000 ರೂಪಾಯಿಯ ಫೋನು ಕೊಂಡು, ಬಾಕಿಯ ಶೇ 5 ಮಾತ್ರ, ಅಂದರೆ ಮಿನಿಮಮ್ ಡ್ಯೂ ಎಂದು ತೋರಿಸುವಷ್ಟನ್ನೇ, ತಿಂಗಳು ತಿಂಗಳು ಕಟ್ಟುತ್ತ ಹೋದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಬೇರೆ ಏನನ್ನೂ ಕೊಂಡಿಲ್ಲ, ಒಂದು ಕಂತೂ ತಪ್ಪಿಸಿಲ್ಲ. ತೆರಿಗೆ ಸೇರಿ ಬಡ್ಡಿಯೇ ತಿಂಗಳಿಗೆ ಶೇ 4.13. ನೀವು ಕಟ್ಟುವ ಐದರಲ್ಲಿ ಸಾಲಕ್ಕೆ ಜಮೆಯಾಗುವುದು ಒಂದರಷ್ಟು ಮಾತ್ರ. ಒಂದು ವರ್ಷದಲ್ಲಿ ಸುಮಾರು 11,800 ರೂಪಾಯಿ ಕಟ್ಟಿರುತ್ತೀರಿ. ಇನ್ನೂ ಉಳಿದ ಬಾಕಿ 17,500ಕ್ಕಿಂತ ಸ್ವಲ್ಪ ಹೆಚ್ಚು. ಈ ಸಾಲ ಇಟ್ಟುಕೊಂಡು ಶೇ 12ರ ಆಸೆಗೆ ಎಸ್‌ಐಪಿ ಮಾಡುವವರನ್ನು ನೋಡಿದ್ದೇನೆ. ಕಾರ್ಡಿನ ಬಾಕಿ ತೀರಿಸುವುದೇ ಶೇ 51ರ ಹೂಡಿಕೆ, ಅದೂ ಏರಿಳಿತವಿಲ್ಲದ್ದು.

ಕೊನೆಯದಾಗಿ, ಕ್ಲಬ್ಬಿನವರಿಗೆ ಇಷ್ಟವಾಗದ ಒಂದು ಮಾತು. ನಿಮ್ಮಲ್ಲಿ ಹೆಚ್ಚಿನವರ ಬಳಿ ಈಗ ಹೂಡಲು ಇರುವುದು ಐದು ಸಾವಿರವೋ ಏನೋ. ಶೇ 12 ತರುವ ಷೇರಿನ ಬದಲು ಶೇ 15 ತರುವುದನ್ನು ಹುಡುಕಿದಿರಿ ಎಂದುಕೊಳ್ಳಿ. ವರ್ಷಕ್ಕೆ ಸಿಗುವ ಹೆಚ್ಚಿನ ಲಾಭ 150 ರೂಪಾಯಿ, ಎರಡು ಮಸಾಲೆ ದೋಸೆಯ ದುಡ್ಡು. ಅದಕ್ಕಾಗಿ ರಾತ್ರಿಯೆಲ್ಲ ಚಾರ್ಟು ನೋಡುವವರನ್ನು ಬಲ್ಲೆ. ತಿಂಗಳಿಗೆ 1,000ದಂತೆ ಶೇ 12ರ ಲೆಕ್ಕದಲ್ಲಿ ಐದು ವರ್ಷ ಹಾಕಿದರೂ 82,000 ಚಿಲ್ಲರೆ ಆಗುತ್ತದೆ, ಅದರಲ್ಲಿ 60,000 ನೀವು ಹಾಕಿದ್ದೇ. ಆರಂಭದ ವರ್ಷಗಳಲ್ಲಿ ಗಂಟನ್ನು ಬೆಳೆಸುವುದು ದರಕ್ಕಿಂತ ಹೆಚ್ಚಾಗಿ ನೀವು ಹಾಕುವ ಹಣ. ಈ ಐದು ಸಾವಿರದಲ್ಲಿ ಕಲಿಯಬೇಕಾದದ್ದು ಸ್ಟೇಟ್‌ಮೆಂಟ್ ಓದುವುದು, ವೆಚ್ಚ ಹಿಡಿಯುವುದು, ಪೇಟೆ ಬಿದ್ದಾಗ ಮಾರದೆ ಇರುವುದು. ದರದ ಬೇಟೆ ಗಂಟು ದೊಡ್ಡದಾದ ಮೇಲೆ.

ಮುಂದಿನ ಸಭೆಗೆ ಒಂದು ಕೆಲಸ. ಮನೆಯಲ್ಲಿ ಕೇಳಿ ಒಂದು ಹಳೆಯ ಎಫ್‌ಡಿ ರಸೀದಿಯ ಅಸಲು, ದರ, ಅವಧಿ, ಮೆಚ್ಯೂರಿಟಿ ಮೊತ್ತ, ಇವಿಷ್ಟನ್ನು ಬರೆದು ತನ್ನಿ. ಖಾತೆ ಸಂಖ್ಯೆ ಬೇಡ. ಮೇಲಿನ ಸಾಲಿಗೆ ಹಾಕಿ ನೋಡಿ. ರಸೀದಿಯ ಮೊತ್ತಕ್ಕೆ ತಾಳೆಯಾದರೆ ಬಡ್ಡಿ ಮೂರು ತಿಂಗಳಿಗೊಮ್ಮೆ ಸೇರಿದೆ ಎಂದರ್ಥ. ರಸೀದಿಯಲ್ಲಿದ್ದದ್ದಕ್ಕಿಂತ ಖಾತೆಗೆ ಬಂದದ್ದು ಕಡಿಮೆಯಿದ್ದರೆ ಟಿಡಿಎಸ್ ಹಿಡಿದಿದ್ದಾರೆಯೇ, ಅವಧಿಗೆ ಮೊದಲೇ ಮುರಿಸಿದ್ದರೆ ದಂಡ ಎಷ್ಟು ಹಾಕಿದ್ದಾರೆ ಎಂದು ಕೇಳಿಕೊಂಡು ಬನ್ನಿ. ಲೆಕ್ಕ ತಾಳೆಯಾಗದ ರಸೀದಿಯನ್ನು ತಂದವರಿಂದಲೇ ಸಭೆ ಶುರು ಮಾಡೋಣ.